ಸ್ವಾಪ್‌ ಲಾಭ ಹಂಚುವಾಗ ಲೆಕ್ಕ ಕೂಡುತ್ತಿಲ್ಲ

ಪ್ರಶ್ನೆ: ಎ ಕಂಪನಿಗೆ ಸ್ಥಿರ ಬಡ್ಡಿ 9%, ಫ್ಲೋಟಿಂಗ್ ಮಿಬಾರ್+0.4%. ಬಿ ಕಂಪನಿಗೆ 10.4%, ಮಿಬಾರ್+1%. ಎ ಗೆ ಫ್ಲೋಟಿಂಗ್ ಬೇಕು, ಬಿ ಗೆ ಸ್ಥಿರ. ಒಟ್ಟು ಲಾಭ 2% ಅಂತ ಸಮವಾಗಿ ಹಂಚಿದರೆ ತಾಳೆಯಾಗುತ್ತಿಲ್ಲ. ಎಲ್ಲಿ ತಪ್ಪಿದೆ?

ನೀವು ಎರಡು ಅಂತರಗಳನ್ನು ಕೂಡಿಸಿದ್ದೀರಿ ಅನ್ನಿಸುತ್ತದೆ, ಕಳೆಯಬೇಕಿತ್ತು. ಎರಡೂ ಕಡೆ ಎ ಗೇ ಅಗ್ಗ. ಹಾಗಾಗಿ ಲಾಭ 1.4 − 0.6 = 0.8%, ತಲಾ 0.4%. ಒಂದರಲ್ಲಿ ಎ, ಇನ್ನೊಂದರಲ್ಲಿ ಬಿ ಅಗ್ಗವಾಗಿದ್ದರೆ ಮಾತ್ರ ಕೂಡಿಸುವುದು.

ಮೊದಲು ಗುರಿ ಬರೆದುಕೊಳ್ಳಿ. ಎ ಗೆ ಕೊನೆಗೆ ಬೀಳಬೇಕಾದದ್ದು ಮಿಬಾರ್ (0.4 − 0.4), ಬಿ ಗೆ 10% (10.4 − 0.4). ಆಮೇಲೆ ಇಬ್ಬರೂ ತಮಗೆ ಬೇಡದ ಸಾಲವನ್ನೇ ಮಾಡಲಿ: ಎ 9% ಸ್ಥಿರಕ್ಕೆ, ಬಿ ಮಿಬಾರ್+1% ಗೆ. ಸ್ವಾಪ್‌ನಲ್ಲಿ ಎ ಯಿಂದ ಬಿ ಗೆ ಮಿಬಾರ್, ಬಿ ಯಿಂದ ಎ ಗೆ 9%.

ತಾಳೆ ನೋಡಿ:

```
ಎ: 9 − 9 + ಮಿಬಾರ್ = ಮಿಬಾರ್
ಬಿ: (ಮಿಬಾರ್ + 1) − ಮಿಬಾರ್ + 9 = 10
```

ನಡುವೆ ಬ್ಯಾಂಕ್ 0.2% ತೆಗೆದುಕೊಂಡರೆ ಉಳಿಯುವುದು 0.6%, ತಲಾ 0.3%. ಸಮಪಾಲು ಅನ್ನುವುದು ಪರೀಕ್ಷೆಯ ಅನುಕೂಲ ಅಷ್ಟೇ. ನಿಜದಲ್ಲಿ ಚೌಕಾಸಿಯೇ ಪಾಲು ನಿರ್ಧರಿಸುತ್ತದೆ.

ನಿಮ್ಮ ಪ್ರಶ್ನೆಪತ್ರಿಕೆ ಇದನ್ನು ಕೇಳುತ್ತದೋ ಗೊತ್ತಿಲ್ಲ, ಆದರೂ ಒಂದು ಮಾತು. ಬಿ ಯ ಸಾಲ ನವೀಕರಣಕ್ಕೆ ಬಂದಾಗ ಮಿಬಾರ್ ಮೇಲಿನ 1% ಏರಿ 1.5% ಆದರೆ, ಬಿ ಗೆ ಬೀಳುವುದು 10.5%. ನೇರವಾಗಿ ಸ್ಥಿರ ಸಾಲ ಮಾಡಿದ್ದಕ್ಕಿಂತ ದುಬಾರಿ. ಆ 10% ಗಟ್ಟಿಯಾಗಬೇಕಾದರೆ ಬಿ ಯ ಸಾಲಪತ್ರದಲ್ಲಿ ಆ 1% ಸ್ವಾಪ್‌ನ ಪೂರ್ತಿ ಅವಧಿಗೆ ನಿಗದಿಯಾಗಿರಬೇಕು.