ಕರೆಂಟ್ ಹೋಗಿ ಕೆಟ್ಟ ಆಟೋಕ್ಯಾಡ್ ಫೈಲ್: ಮೊದಲು ಏನು ನೋಡಬೇಕು, ಏನು ಮುಟ್ಟಬಾರದು

ಪ್ರಶ್ನೆ: 30×40 ಸೈಟಿನ ಮನೆ ಪ್ಲಾನ್ ಮಾಡ್ತಿದ್ದೆ. ಸೇವ್ ಕೊಟ್ಟ ಹೊತ್ತಿಗೇ ಕರೆಂಟ್ ಹೋಯ್ತು. ಈಗ ಫೈಲ್ ತೆಗೆದ್ರೆ "Drawing file is not valid" ಅಂತ ಬರ್ತಿದೆ, ರಿಕವರ್ ಕೊಟ್ರೂ ಆಗ್ತಿಲ್ಲ. ಪ್ಲಾನ್ ವಾಪಸ್ ಸಿಗುತ್ತಾ?

ಉತ್ತರ:

ಹೆಚ್ಚಿನ ಪಾಲು ಸಿಗುವ ಸಾಧ್ಯತೆ ಇದೆ. ಆದರೆ ಈಗಲೇ ಆಟೋಕ್ಯಾಡ್ ಮುಚ್ಚಿಬಿಡಿ, ಆ ಫೈಲನ್ನು ಮತ್ತೆ ಮತ್ತೆ ತೆಗೆದು ನೋಡಬೇಡಿ. ಪ್ರತಿ ಸಲ ಸೇವ್ ಆದಾಗಲೂ ಆಟೋಕ್ಯಾಡ್ ಹಿಂದಿನ `.dwg`ಯನ್ನೇ `.bak` ಮಾಡಿ ಇಟ್ಟುಕೊಳ್ಳುತ್ತದೆ. ಕೆಟ್ಟ ಫೈಲ್ ಹೇಗೋ ಅರ್ಧಂಬರ್ಧ ತೆರೆದುಕೊಂಡು, ನೀವು ಖುಷಿಯಲ್ಲಿ ಒಂದು ಸೇವ್ ಒತ್ತಿದಿರಿ ಅಂದುಕೊಳ್ಳಿ. ಆ ಕ್ಷಣಕ್ಕೆ ಕೆಟ್ಟದ್ದೇ `.bak` ಆಗಿ ಕೂರುತ್ತದೆ, ಚೆನ್ನಾಗಿದ್ದ ಹಳೆಯದು ಹೋಗುತ್ತದೆ. ಫೈಲ್ ಕೆಟ್ಟಿದ್ದಕ್ಕಿಂತ ಹೀಗೆ ಬ್ಯಾಕಪ್ ಕಳೆದುಕೊಂಡಿದ್ದಕ್ಕೇ ಜನ ಹೆಚ್ಚು ಕೆಲಸ ಕಳೆದುಕೊಂಡಿರುವುದನ್ನು ನಾನು ನೋಡಿದ್ದೇನೆ.

ಹಾಗಾಗಿ ಮೊದಲ ಕೆಲಸ ನಕಲು. ಡೆಸ್ಕ್‌ಟಾಪ್‌ನಲ್ಲಿ ಹೊಸ ಫೋಲ್ಡರ್ ಮಾಡಿ, ಪ್ಲಾನ್ ಇದ್ದ ಫೋಲ್ಡರಿನಿಂದ `.dwg` ಮತ್ತು `.bak` ಎರಡನ್ನೂ ಅದಕ್ಕೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿ. ಆಮೇಲೆ ವಿಂಡೋಸ್ ಫೋಲ್ಡರಿನ ಅಡ್ರೆಸ್ ಪಟ್ಟಿಯಲ್ಲಿ `%TEMP%` ಅಂತ ಬರೆದು ಎಂಟರ್ ಒತ್ತಿ, ಅಲ್ಲಿ `*.sv$` ಹುಡುಕಿ. ಆಟೋಸೇವ್ ಫೈಲ್ ಇರುವುದು ಅಲ್ಲಿ. ನಿಮ್ಮ ಪ್ಲಾನಿನ ಹೆಸರಾದ ಮೇಲೆ `_1_1_` ಅಂತ ಸೇರಿ, ಕೊನೆಗೆ ಒಂದಿಷ್ಟು ಅಂಕಿ ಇರುತ್ತದೆ. ಅದೇ ಹೆಸರಿನವು ಎರಡು ಮೂರು ಇದ್ದರೆ ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ. ಅಲ್ಲಿ ಕಾಣದಿದ್ದರೆ ಆಟೋಕ್ಯಾಡ್‌ನ ಕಮಾಂಡ್ ಸಾಲಿನಲ್ಲಿ `SAVEFILEPATH` ಬರೆದರೆ ಜಾಗ ಯಾವುದು ಅಂತ ಹೇಳುತ್ತದೆ, ಯಾರೋ ಬದಲಾಯಿಸಿರಬಹುದು. ಈ ಕೆಲಸ ಮುಗಿಯುವವರೆಗೆ ಡಿಸ್ಕ್ ಕ್ಲೀನ್ ಮಾಡುವ ಯಾವ ಸಾಫ್ಟ್‌ವೇರನ್ನೂ ಓಡಿಸಬೇಡಿ, ಅವು ಮೊದಲು ಗುಡಿಸುವುದೇ ಟೆಂಪ್ ಫೋಲ್ಡರನ್ನು.

ಈಗ ಕೆಟ್ಟ `.dwg`ಯ ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆಯಿರಿ. ಓದಲಿಕ್ಕಲ್ಲ, ಮೊದಲ ಆರು ಅಕ್ಷರ ನೋಡಲಿಕ್ಕೆ ಮಾತ್ರ. ಆರೋಗ್ಯವಾಗಿರುವ ಡ್ರಾಯಿಂಗ್ ಫೈಲ್ ಹೀಗೆ ಶುರುವಾಗುತ್ತದೆ:

```
AC1032
```

ಇದು 2018ರ ಫಾರ್ಮ್ಯಾಟ್. 2013ರದ್ದಾದರೆ `AC1027`, 2010ರದ್ದಾದರೆ `AC1024`. ಅದರ ನಂತರ ಅರ್ಥವಾಗದ ಗೊಜಲು ತುಂಬಿರಬೇಕು. ಹಾಗಿದ್ದರೆ ಒಳಗೆ ಸರಕು ಇದೆ, ರಿಪೇರಿಗೆ ಅರ್ಥವಿದೆ. ನೋಟ್‌ಪ್ಯಾಡ್ ಪೂರ್ತಿ ಖಾಲಿ ಕಂಡರೆ, ಬರೀ ಜಾಗ ಬಿಟ್ಟಂತೆ ಉದ್ದಕ್ಕೂ ಬಿಳಿ ಇದ್ದರೆ, ಆ ಫೈಲಿನಲ್ಲಿ ಇರುವುದು ಸೊನ್ನೆಗಳು ಮಾತ್ರ.

ನಿಮ್ಮ ವಿವರ ಓದಿದರೆ ನನಗೆ ಎರಡನೆಯದೇ ಅನ್ನಿಸುತ್ತದೆ. ಸೇವ್ ಕೊಟ್ಟ ತಕ್ಷಣ ವಿಂಡೋಸ್ ಎಲ್ಲವನ್ನೂ ಡಿಸ್ಕಿಗೆ ಬರೆದುಬಿಡುವುದಿಲ್ಲ. ಈ ಹೆಸರಿನ ಫೈಲ್, ಇಷ್ಟು ಗಾತ್ರ ಅನ್ನುವ ಲೆಕ್ಕ ಮೊದಲು ದಾಖಲಾಗಿ, ಒಳಗಿನ ಮಾಹಿತಿ ಮೆಮೊರಿಯಲ್ಲೇ ಸ್ವಲ್ಪ ಹೊತ್ತು ಕಾಯುತ್ತಿರಬಹುದು. ಆ ಹೊತ್ತಿಗೆ ಕರೆಂಟ್ ಹೋದರೆ ಲೆಕ್ಕ ಉಳಿಯುತ್ತದೆ, ಮಾಹಿತಿ ಹೋಗುತ್ತದೆ. ಫೈಲಿನ ಗಾತ್ರ ಮೂರೋ ನಾಲ್ಕೋ ಎಂಬಿ ಅಂತ ತೋರಿಸುತ್ತಿದ್ದರೂ ಒಳಗೆ ಏನೂ ಇರುವುದಿಲ್ಲ. ಗಾತ್ರ ನೋಡಿ ಮೋಸ ಹೋಗುವುದು ಇಲ್ಲೇ. ಇಂಥ ಫೈಲಿಗೆ `RECOVER` ಕೊಟ್ಟರೂ ಆಗುವುದಿಲ್ಲ, ದುಡ್ಡು ಕೊಟ್ಟು ಕೊಂಡ ರಿಪೇರಿ ಸಾಫ್ಟ್‌ವೇರ್ ತಂದರೂ ಆಗುವುದಿಲ್ಲ. ನೆಟ್‌ನಲ್ಲಿ ಅಂಥ ಸಾಫ್ಟ್‌ವೇರ್ ಮಾರುವವರು ಬಹಳ ಜನ ಇದ್ದಾರೆ. ಕೊಳ್ಳುವ ಮೊದಲು ದಯವಿಟ್ಟು ಈ ಆರು ಅಕ್ಷರ ನೋಡಿಕೊಳ್ಳಿ.

ಸೊನ್ನೆ ತುಂಬಿದ ಫೈಲನ್ನು ಅಲ್ಲಿಗೇ ಬಿಟ್ಟು `.bak` ಮತ್ತು `.sv$`ಗೆ ಬನ್ನಿ. ಎರಡೂ ನಿಜಕ್ಕೆ ಡ್ರಾಯಿಂಗ್ ಫೈಲುಗಳೇ, ಹೆಸರಿನ ಬಾಲ ಮಾತ್ರ ಬೇರೆ. ಅವನ್ನೂ ನೋಟ್‌ಪ್ಯಾಡ್‌ನಲ್ಲಿ ತೆಗೆದು ಅದೇ ಆರು ಅಕ್ಷರ ಇದೆಯಾ ನೋಡಿ. `.bak` ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ, ಯಾಕೆಂದರೆ ಅದು ಹಿಂದಿನ ಸೇವ್, ಡಿಸ್ಕಿಗೆ ಬರೆದು ಎಷ್ಟೋ ಹೊತ್ತಾಗಿರುತ್ತದೆ. ಎರಡರ ಸಮಯವನ್ನೂ ಹೋಲಿಸಿ ಹೊಸದನ್ನು ಆರಿಸಿಕೊಳ್ಳಿ.

ನಮ್ಮ ಆಫೀಸಿನಲ್ಲಿ ಆದ ಒಂದು ಪ್ರಸಂಗದ ಲೆಕ್ಕ ಹೇಳುತ್ತೇನೆ. ಕರೆಂಟ್ ಹೋಗಿದ್ದು ಸಂಜೆ 4:17ಕ್ಕೆ. `.dwg` ಪೂರ್ತಿ ಸೊನ್ನೆ. `.bak`ನ ಸಮಯ ಮಧ್ಯಾಹ್ನ 2:40. ಅದನ್ನೇ ನಂಬಿದ್ದರೆ ಒಂದೂವರೆ ಗಂಟೆಯ ಕೆಲಸ, ಅಂದರೆ ಮೊದಲ ಮಹಡಿಯ ಡೈಮೆನ್ಷನ್ ಪೂರ್ತಿ ಮತ್ತೆ ಹಾಕಬೇಕಿತ್ತು. ಟೆಂಪ್‌ನಲ್ಲಿ 4:10ರ `.sv$` ಸಿಕ್ಕಿತು. ಅದರ ನಕಲಿನ ಬಾಲವನ್ನು `.dwg` ಅಂತ ಬದಲಾಯಿಸಿ, `OPEN` ಬದಲು `RECOVER` ಕಮಾಂಡಿನಿಂದಲೇ ತೆಗೆದೆವು. ಹಾಗೆ ತೆಗೆದರೆ ತೆರೆಯುವಾಗಲೇ ಒಳಗಿನ ತಪ್ಪುಗಳ ತಪಾಸಣೆಯೂ ಆಗುತ್ತದೆ. ಹೋಗಿದ್ದು ಏಳು ನಿಮಿಷದ ಕೆಲಸ. (ಬಾಲ ಕಾಣದಿದ್ದರೆ ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಇಲ್ಲದಿದ್ದರೆ ಹೆಸರು `plan.dwg.bak` ಆಗಿಬಿಡುತ್ತದೆ, ಆಟೋಕ್ಯಾಡ್‌ಗೆ ಕಾಣುವುದೇ ಇಲ್ಲ.)

`.sv$` ಸಿಗದೆಯೂ ಇರಬಹುದು. ಆಟೋಸೇವ್‌ನ ಗಡಿಯಾರ ನೀವು ಕೈಯಾರೆ ಸೇವ್ ಮಾಡಿದಾಗಲೆಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೊದಲೇ ಇರುವ ಅವಧಿ ಹತ್ತು ನಿಮಿಷ. ಐದೈದು ನಿಮಿಷಕ್ಕೆ ಸೇವ್ ಒತ್ತುವ ಅಭ್ಯಾಸ ಇದ್ದವರ ಮಷೀನಿನಲ್ಲಿ `.sv$` ಹುಟ್ಟಿರುವುದೇ ಇಲ್ಲ. ಆದರೆ ಅಂಥವರ `.bak` ಐದು ನಿಮಿಷಕ್ಕಿಂತ ಹಳೆಯದಿರುವುದಿಲ್ಲ, ಅದೇ ಸಾಕು. ಇನ್ನೊಂದು ವಿಷಯ, ಡ್ರಾಯಿಂಗನ್ನು ಸರಿಯಾಗಿ ಮುಚ್ಚಿದರೆ ಅದರ `.sv$` ತಾನಾಗಿಯೇ ಅಳಿಸಿಹೋಗುತ್ತದೆ. ಕ್ರ್ಯಾಶ್ ಆದಾಗ ಮಾತ್ರ ಉಳಿಯುತ್ತದೆ.

ಈಗ ಇನ್ನೊಂದು ದಾರಿ: `AC1032` ಕಾಣುತ್ತಿದೆ, ಗೊಜಲೂ ಇದೆ, ಆದರೂ ಫೈಲ್ ತೆರೆಯುತ್ತಿಲ್ಲ. ಆಗ `RECOVER` ಕೊಡಿ. ಅದು ತಪ್ಪುಗಳ ಪಟ್ಟಿ ತೋರಿಸಿ ತೆರೆದರೆ `AUDIT` ಕೊಟ್ಟು, ತಪ್ಪು ಸರಿಪಡಿಸಲೇ ಅಂತ ಕೇಳಿದಾಗ `Y` ಒತ್ತಿ. ಎರಡನೇ ಸಲ ಕೊಟ್ಟಾಗ ತಪ್ಪು ಸೊನ್ನೆಗೆ ಇಳಿಯಬೇಕು. ಪ್ರತಿ ಸಲವೂ ಅಷ್ಟೇ ತಪ್ಪು ತೋರಿಸುತ್ತಿದ್ದರೆ ಆಡಿಟ್ ಕೈಲಿ ಆಗದ ಏನೋ ಒಳಗೆ ಕೂತಿದೆ ಅಂತ ಅರ್ಥ. `RECOVER` ಕೂಡ ಅರ್ಧಕ್ಕೆ ನಿಂತರೆ ಹೊಸ ಖಾಲಿ ಡ್ರಾಯಿಂಗ್ ತೆಗೆದು, ಕೆಟ್ಟ ಫೈಲನ್ನು `INSERT` ಕಮಾಂಡಿನಿಂದ 0,0ಗೆ ತಂದು ನೋಡಿ. ನೇರವಾಗಿ ತೆರೆಯದ ಎಷ್ಟೋ ಫೈಲ್ ಹೀಗೆ ಒಳಗೆ ಬರುತ್ತವೆ.

ಇನ್ಸರ್ಟ್ ಮಾಡುವಾಗ ಎರಡು ವಿಷಯ ನೆನಪಿರಲಿ. ಬರುವುದು ಮಾಡೆಲ್ ಸ್ಪೇಸ್ ಮಾತ್ರ. ಶೀಟುಗಳನ್ನು ಆಮೇಲೆ `LAYOUT` ಕಮಾಂಡಿನ `Template` ಆಯ್ಕೆಯಲ್ಲಿ ಅದೇ ಹಳೇ ಫೈಲನ್ನು ತೋರಿಸಿ ತರಲು ಪ್ರಯತ್ನಿಸಬೇಕು, ಅದು ಬರದಿದ್ದರೆ `.bak`ನಿಂದ ತರಬಹುದು. ಎರಡನೆಯದು ಅಳತೆ. ಹಳೇ ಫೈಲಿನ `INSUNITS` ಇಂಚು, ಹೊಸದರದ್ದು ಮಿಲಿಮೀಟರ್ ಆಗಿದ್ದರೆ ಇಡೀ ಪ್ಲಾನ್ 25.4 ಪಟ್ಟು ದೊಡ್ಡದಾಗಿ ಬರುತ್ತದೆ, ಕಣ್ಣಿಗೆ ಮಾತ್ರ ಏನೂ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮದು 30×40 ಆಗಿರುವುದರಿಂದ ಪರೀಕ್ಷೆ ಸುಲಭ: `DIST` ಕೊಟ್ಟು ಸೈಟಿನ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಮೂಲೆಗಳು ಲಂಬವಾಗಿದ್ದರೆ ಕರ್ಣ ಸರಿಯಾಗಿ 50 ಅಡಿ, ಅಂದರೆ 600 ಇಂಚು ಬರಬೇಕು, ಮಿಲಿಮೀಟರ್‌ನಲ್ಲಿ ಬರೆದಿದ್ದರೆ 15240. ಇನ್ನೇನೋ ಸಂಖ್ಯೆ ಬಂದರೆ ಇನ್ಸರ್ಟ್ ಮಾಡಿದ್ದನ್ನು ಅನ್‌ಡೂ ಮಾಡಿ, `INSUNITS` ಹೊಂದಿಸಿ ಮತ್ತೆ ತನ್ನಿ.

ಇನ್ಸರ್ಟ್‌ಗೂ ಬಗ್ಗದಿದ್ದರೆ ನಾನು ಕೊನೆಗೆ ಬಳಸುವುದು ODA File Converter. ಉಚಿತವಾಗಿ ಸಿಗುತ್ತದೆ. ಆಟೋಕ್ಯಾಡ್‌ಗಿಂತ ಬೇರೆಯೇ ರೀತಿಯಲ್ಲಿ ಫೈಲ್ ಓದುವುದರಿಂದ ಇಲ್ಲಿ ಮುಗ್ಗರಿಸಿದ್ದು ಅಲ್ಲಿ ದಾಟಿಬಿಡಬಹುದು. ಅದು ಫೈಲ್ ಬದಲು ಫೋಲ್ಡರ್ ಕೇಳುತ್ತದೆ: ಕೆಟ್ಟ ಫೈಲಿನ ಫೋಲ್ಡರ್ ಒಂದು, ಫಲಿತಾಂಶಕ್ಕೆ ಖಾಲಿ ಫೋಲ್ಡರ್ ಇನ್ನೊಂದು. ಆಡಿಟ್‌ಗೆ ಟಿಕ್ ಹಾಕಿ, ಔಟ್‌ಪುಟ್ ಅನ್ನು DXF ಮಾಡಿ, ಬಂದದ್ದನ್ನು ಆಟೋಕ್ಯಾಡ್‌ನಲ್ಲಿ ತೆಗೆದು ಹೊಸ ಹೆಸರಿನ `.dwg` ಆಗಿ ಸೇವ್ ಮಾಡಿ. ಡೈನಾಮಿಕ್ ಬ್ಲಾಕುಗಳು ಈ ದಾರಿಯಲ್ಲಿ ತಮ್ಮ ಗುಣ ಕಳೆದುಕೊಳ್ಳಬಹುದು, ಬಾಗಿಲು ಕಿಟಕಿಗಳನ್ನು ಒಮ್ಮೆ ಪರೀಕ್ಷಿಸಿ.

ತೆರೆದ ಮೇಲೂ ಒಂದು ಕಾಟ ಉಳಿಯಬಹುದು. ಫೈಲ್ ತೆರೆಯುತ್ತದೆ, ಯಾವುದೋ ಒಂದು ಮೂಲೆಗೆ ಝೂಮ್ ಮಾಡಿದರೆ ಆಟೋಕ್ಯಾಡ್ ಬಿದ್ದುಹೋಗುತ್ತದೆ. ಆಗ ಲೇಯರ್ ಲೇಯರ್ ಆಗಿ ಬಿಡಿಸಬೇಕು. `LAYISO`ದ `Settings` ಆಯ್ಕೆಯಲ್ಲಿ `Off` ಆರಿಸಿಕೊಂಡು ಒಂದು ಲೇಯರನ್ನು ಒಂಟಿ ಮಾಡಿ, ಕಾಣುವುದೆಲ್ಲವನ್ನೂ `WBLOCK`ನಿಂದ ಬೇರೆ ಫೈಲಿಗೆ ಬರೆಯಿರಿ. ಬೇಸ್ ಪಾಯಿಂಟ್ ಯಾವಾಗಲೂ 0,0 ಇರಲಿ, ಇಲ್ಲದಿದ್ದರೆ ಮತ್ತೆ ಜೋಡಿಸುವಾಗ ಗೋಡೆ ಒಂದು ಕಡೆ, ಕಾಲಮ್ ಒಂದು ಕಡೆ ಆಗುತ್ತದೆ. ಯಾವ ಲೇಯರಿನ ಸರದಿಯಲ್ಲಿ ಕ್ರ್ಯಾಶ್ ಆಗುತ್ತದೋ ಕೆಟ್ಟದ್ದು ಅದರಲ್ಲೇ ಇದೆ. ಒಂದು ಫೈಲಿನಲ್ಲಿ ಹೀಗೆ ಸಿಕ್ಕಿಬಿದ್ದಿದ್ದು ಸರ್ವೆ ಡ್ರಾಯಿಂಗಿನಿಂದ ಪೇಸ್ಟ್ ಮಾಡಿದ್ದ ಮರಗಳ ಲೇಯರ್. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಸ ಫೈಲಿನಲ್ಲಿ ಸೇರಿಸಿದೆವು, ಮರಗಳನ್ನು ನಮ್ಮದೇ ಬ್ಲಾಕಿನಿಂದ ಮತ್ತೆ ಹಾಕಿದೆವು. ಬೇರೆಯವರ ಡ್ರಾಯಿಂಗಿನಿಂದ ಏನಾದರೂ ತಂದ ಫೈಲಿಗೆ `-PURGE` ಕೊಟ್ಟು `R` ಒತ್ತಿ, ಅಂಟಿಕೊಂಡು ಬಂದ ಬೇಡದ ನೋಂದಣಿಗಳು ಹೋಗುತ್ತವೆ.

ಪ್ಲಾನ್ ಸಿಕ್ಕಿದ ಮೇಲೆ ಹೊಸ ಹೆಸರಿನಲ್ಲಿ ಸೇವ್ ಮಾಡಿ, ಹಳೆಯದರ ಮೇಲೆ ಬೇಡ. ಆಮೇಲೆ ಇವಿಷ್ಟು ಹೊಂದಿಸಿಕೊಳ್ಳಿ, ಒಂದೊಂದು ಹೆಸರು ಬರೆದು ಎಂಟರ್ ಒತ್ತಿದರೆ ಮೌಲ್ಯ ಕೇಳುತ್ತದೆ:

```
SAVETIME      5
ISAVEBAK      1
ISAVEPERCENT  0
SAVEFILEPATH  D:\CadAutosave
```

`ISAVEPERCENT` ಸೊನ್ನೆ ಮಾಡಿದರೆ ಪ್ರತಿ ಸಲ ಬದಲಾದ ತುಂಡು ಮಾತ್ರ ಸೇರಿಸುವ ಬದಲು ಇಡೀ ಫೈಲನ್ನು ಹೊಸದಾಗಿ ಬರೆಯುತ್ತದೆ. ಸೇವ್ ಒಂಚೂರು ನಿಧಾನವಾಗುತ್ತದೆ, ಆದರೆ ಮನೆ ಪ್ಲಾನಿನಷ್ಟು ಗಾತ್ರಕ್ಕೆ ಗೊತ್ತಾಗುವುದಿಲ್ಲ. ಕೊನೆಯ ಸಾಲಿನ ಫೋಲ್ಡರನ್ನು ಮೊದಲು ನೀವೇ ಮಾಡಿಟ್ಟಿರಬೇಕು. ಪೆನ್‌ಡ್ರೈವ್‌ನಿಂದಲೇ ನೇರ ತೆಗೆದು ಕೆಲಸ ಮಾಡುತ್ತಿದ್ದರೆ ಅದನ್ನು ನಿಲ್ಲಿಸಿ. ಬರೆಯುತ್ತಿರುವಾಗ ಪೆನ್‌ಡ್ರೈವ್ ಕಿತ್ತರೂ ಫೈಲ್ ಇದೇ ರೀತಿ ಕೆಡುತ್ತದೆ.

ನೋಟ್‌ಪ್ಯಾಡ್‌ನಲ್ಲಿ ನಿಮಗೆ ಏನು ಕಂಡಿತು, `.bak` ಮತ್ತು `.sv$`ನ ಸಮಯ ಎಷ್ಟು ಅಂತ ಇಲ್ಲೇ ಕೆಳಗೆ ಬರೆಯಿರಿ. ಮುಂದೆ ಯಾವ ದಾರಿ ಹಿಡಿಯಬೇಕು ಅಂತ ನೋಡಿ ಹೇಳುತ್ತೇನೆ.