ಎರಡು ಕೇಬಲ್ ಬಾಂಡ್ ಮಾಡಿದರೂ ಒಂದರ ವೇಗವೇ ಬರೋದು ಯಾಕೆ?

ಪ್ರಶ್ನೆ: ಲಿನಕ್ಸ್ ಸರ್ವರ್‌ನಲ್ಲಿ ಎರಡು 1 ಗಿಗಾಬಿಟ್ ಲಿಂಕ್‌ಗಳನ್ನು ಸೇರಿಸಿದ್ದೇನೆ. ಆದರೂ ಫೈಲ್ ಕಾಪಿ 1 ಗಿಗಾಬಿಟ್ ದಾಟುತ್ತಿಲ್ಲ. ಯಾಕೆ?

ಇದು ದೋಷವಲ್ಲ, ಬೇಕಂತಲೇ ಮಾಡಿದ್ದು. ಫ್ರೇಮ್‌ಗಳನ್ನು ಸುಮ್ನೆ ಸರದಿಯಂತೆ ಎರಡೂ ಕೇಬಲ್‌ಗೆ ಹಂಚಿದರೆ, ಒಂದು ಕಡೆ ಕ್ಯೂ ಉದ್ದವಿದ್ದಾಗ ನಂತರ ಕಳಿಸಿದ ಫ್ರೇಮ್ ಮೊದಲು ತಲುಪುತ್ತದೆ. ಟಿಸಿಪಿ ಅದನ್ನು ಪ್ಯಾಕೆಟ್ ಕಳೆದುಹೋಯಿತು ಅಂದುಕೊಂಡು ವೇಗ ತಗ್ಗಿಸುತ್ತದೆ. ಅದಕ್ಕೇ ವಿಳಾಸಗಳಿಂದ ಒಂದು ಹ್ಯಾಶ್ ಲೆಕ್ಕ ಹಾಕಿ, ಒಂದು ಸಂಪರ್ಕದ ಫ್ರೇಮ್‌ಗಳನ್ನೆಲ್ಲ ಒಂದೇ ಕೇಬಲ್‌ಗೆ ಕಳಿಸುತ್ತಾರೆ.

ಲಿನಕ್ಸ್‌ನಲ್ಲಿ ಈ ಹ್ಯಾಶ್‌ಗೆ ತಾನಾಗಿ ಇರುವುದು `layer2`, ಅಂದರೆ ಮ್ಯಾಕ್ ವಿಳಾಸದ ಹ್ಯಾಶ್. ಎರಡು ಲಿಂಕ್ ಇದ್ದರೆ IPv4 ಟ್ರಾಫಿಕ್‌ಗೆ ಎರಡೂ ವಿಳಾಸಗಳ ಕೊನೆ ಬಿಟ್‌ಗಳ ಎಕ್ಸ್‌ಆರ್ ಸಾಕು: ಕೊನೆ ಬೈಟ್‌ಗಳು `1a` ಮತ್ತು `2c` ಆದರೆ ಎಕ್ಸ್‌ಆರ್ `36`, ಸಮಸಂಖ್ಯೆ, ಮೊದಲ ಲಿಂಕ್. ಎಡವಟ್ಟು ಇಲ್ಲೇ. ಗ್ರಾಹಕರೆಲ್ಲ ರೌಟರ್ ಆಚೆ ಇದ್ದರೆ ಗುರಿಯ ಮ್ಯಾಕ್ ಯಾವಾಗಲೂ ರೌಟರ್‌ನದೇ, ಅಲ್ವಾ? ನೂರು ಜನರ ಟ್ರಾಫಿಕ್ಕೂ ಒಂದೇ ಕೇಬಲ್‌ಗೆ ಬೀಳುತ್ತದೆ. ನಿಮ್ಮಲ್ಲೂ ಹೀಗೇ ಆಗಿದೆಯಾ ನೋಡಿ:

```
ip -s link
cat /proc/net/bonding/bond0
```

ಒಂದು ಲಿಂಕ್‌ನ TX ಮಾತ್ರ ಏರುತ್ತಿದ್ದರೆ `xmit_hash_policy` ಅನ್ನು `layer3+4` ಮಾಡಿ. ಆಗ ಮ್ಯಾಕ್ ಬದಲು ಐಪಿ ವಿಳಾಸ, ಪೋರ್ಟ್ ಸಂಖ್ಯೆಗಳು ಲೆಕ್ಕಕ್ಕೆ ಬರುತ್ತವೆ. ಬೇರೆ ಬೇರೆ ಸಂಪರ್ಕಗಳು ಹಂಚಿಹೋಗುತ್ತವೆ, ಒಂಟಿ ಕಾಪಿ ಮಾತ್ರ ಅಷ್ಟೇ ವೇಗ. ಇದು ಹೊರಹೋಗುವ ಫ್ರೇಮ್‌ಗಳಿಗೆ ಮಾತ್ರ. ಒಳಬರುವುದನ್ನು ಸ್ವಿಚ್ ತನ್ನದೇ ಹ್ಯಾಶ್‌ನಿಂದ ಹಂಚುತ್ತದೆ, ಅದನ್ನು ಅಲ್ಲೇ ಬದಲಿಸಬೇಕು.