ಕೇರಳದ ಹಳ್ಳಿಗರೆಲ್ಲ ಹತ್ತೇ ವರ್ಷದಲ್ಲಿ ಪೇಟೆಗೆ ಹೋದರಾ?

"2001ರಲ್ಲಿ ಕೇರಳದ ನಗರವಾಸಿಗಳು ಶೇ. 26, 2011ರಲ್ಲಿ ಶೇ. 48 ಅಂತ ಓದಿದೆ. ಅಷ್ಟೊಂದು ಜನ ಹಳ್ಳಿ ಬಿಟ್ಟರಾ? ಇದರಲ್ಲಿ ಸೆನ್ಸಸ್ ಟೌನ್ ಅನ್ನೋದರ ಪಾತ್ರ ಏನು?"

ಇಲ್ಲ, ಅಷ್ಟು ಜನ ಊರು ಬಿಟ್ಟಿಲ್ಲ. ಬಹುತೇಕರು ಇದ್ದ ಮನೆಯಲ್ಲೇ ಇದ್ದರು. ಅವರ ಊರನ್ನು ಜನಗಣತಿ ಇಲಾಖೆ ಹಳ್ಳಿಗಳ ಪಟ್ಟಿಯಿಂದ ತೆಗೆದು ಪಟ್ಟಣಗಳ ಪಟ್ಟಿಗೆ ಸೇರಿಸಿತು. ನಾನು ಜನಗಣತಿಯ ಕೋಷ್ಟಕಗಳನ್ನು ಆಸಕ್ತಿಯಿಂದ ಓದುವವನು. ಕೇರಳದಷ್ಟು ಸ್ಪಷ್ಟವಾಗಿ ಈ ವಿಷಯ ಬೇರೆಲ್ಲೂ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಒಂದು ಊರು ಪಟ್ಟಣ ಅನ್ನಿಸಿಕೊಳ್ಳಲು ಎರಡು ದಾರಿಗಳಿವೆ. ಮೊದಲನೆಯದು ಸರ್ಕಾರದ ಅಧಿಸೂಚನೆ. ರಾಜ್ಯ ಸರ್ಕಾರ ಒಂದು ಊರಿಗೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆ ಕೊಟ್ಟರೆ ಅದು ಶಾಸನಬದ್ಧ ಪಟ್ಟಣ. ದಂಡು ಪ್ರದೇಶದ ಕಂಟೋನ್ಮೆಂಟ್ ಬೋರ್ಡ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಅಲ್ಲಿ ಎಷ್ಟು ಜನ ಇದ್ದಾರೆ, ಏನು ಕೆಲಸ ಮಾಡುತ್ತಾರೆ ಅಂತ ಜನಗಣತಿ ಕೇಳುವುದಿಲ್ಲ, ನೇರವಾಗಿ ನಗರ ಅಂತ ಎಣಿಸುತ್ತದೆ.

ಎರಡನೆಯದು ಸೆನ್ಸಸ್ ಟೌನ್, ಅಂದರೆ ಜನಗಣತಿ ಪಟ್ಟಣ. ಇದಕ್ಕೆ ಮೂರು ಅಳತೆಗಳಿವೆ. ಕನಿಷ್ಠ 5,000 ಜನ ಇರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು. ವರ್ಷದ ಹೆಚ್ಚು ಭಾಗ ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯದ ಹೊರಗಿನ ಕೆಲಸದಲ್ಲಿರಬೇಕು. ಮೂರೂ ಹೊಂದಿದರೆ ಎಣಿಕೆಯ ಮಟ್ಟಿಗೆ ಅದು ಪಟ್ಟಣ. ಆದರೆ ಊರನ್ನು ನಡೆಸುವುದು ಮೊದಲಿನಂತೆ ಗ್ರಾಮ ಪಂಚಾಯಿತಿಯೇ.

ಈಗ ಕೇರಳಕ್ಕೆ ಬನ್ನಿ. 2001ರಿಂದ 2011ರೊಳಗೆ ಇಡೀ ರಾಜ್ಯದ ಜನಸಂಖ್ಯೆ ಹೆಚ್ಚಿದ್ದು ಸುಮಾರು 15 ಲಕ್ಷ ಮಾತ್ರ. ನಗರದ ಜನಸಂಖ್ಯೆ ಮಾತ್ರ ಸುಮಾರು 76 ಲಕ್ಷ ಜಾಸ್ತಿಯಾಯಿತು, ಹಳ್ಳಿಗಳ ಜನಸಂಖ್ಯೆ 61 ಲಕ್ಷದಷ್ಟು ಇಳಿಯಿತು. ಅಷ್ಟು ಜನ ನಿಜಕ್ಕೂ ಪೇಟೆ ಸೇರಿದ್ದರೆ ಕೊಚ್ಚಿ, ಕೋಳಿಕ್ಕೋಡ್‌ಗಳು ಉಕ್ಕಿ ಹರಿಯಬೇಕಿತ್ತು ಅಲ್ವಾ? ಪಟ್ಟಣಗಳ ಪಟ್ಟಿ ನೋಡಿದರೆ ಉತ್ತರ ಸಿಗುತ್ತದೆ. ಶಾಸನಬದ್ಧ ಪಟ್ಟಣಗಳು 60 ಇದ್ದವು, 59 ಆದವು. ಜನಗಣತಿ ಪಟ್ಟಣಗಳು 99 ಇದ್ದವು, 461 ಆದವು. ತ್ರಿಶೂರ್ ಜಿಲ್ಲೆಯಲ್ಲಿ ನಗರದ ಪಾಲು ಶೇ. 28ರಿಂದ 67ಕ್ಕೆ ಹೋಯಿತು.

ಕೇರಳದಲ್ಲೇ ಯಾಕೆ ಇಷ್ಟು? ಅಲ್ಲಿನ ಒಂದು ಕಂದಾಯ ಗ್ರಾಮ ಅಂದರೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನ. ಮನೆಗಳು ತೋಟಗಳ ನಡುವೆ ಒಂದಕ್ಕೊಂದು ತಾಗಿದಂತೆ ಹರಡಿಕೊಂಡಿವೆ. ಹಾಗಾಗಿ ಜನಸಂಖ್ಯೆ, ಸಾಂದ್ರತೆಯ ಅಳತೆಗಳನ್ನು ಹೆಚ್ಚಿನ ಊರುಗಳು ಮೊದಲೇ ದಾಟಿದ್ದವು. ಉಳಿದಿದ್ದು ಕೆಲಸದ ಅಳತೆ ಒಂದೇ. ಗಂಡಸರು ಗದ್ದೆ ಬಿಟ್ಟು ಅಂಗಡಿ, ಕಟ್ಟಡ ಕೆಲಸ, ಸಾರಿಗೆ ಅಂತ ಹೋದಂತೆ ಊರಿಗೆ ಊರೇ ಗೆರೆ ದಾಟಿತು. ಉತ್ತರ ಕರ್ನಾಟಕದ ದೊಡ್ಡ ಹಳ್ಳಿಯೊಂದರಲ್ಲಿ ಹತ್ತು ಸಾವಿರ ಜನ ಇದ್ದರೂ ಅರ್ಧದಷ್ಟು ಗಂಡಸರು ಹೊಲದಲ್ಲೇ ದುಡಿಯುತ್ತಿದ್ದರೆ ಅದು ಹಳ್ಳಿಯಾಗಿಯೇ ಉಳಿಯುತ್ತದೆ.

ದೇಶದ ಲೆಕ್ಕವೂ ಇದರಿಂದ ಬದಲಾಗುತ್ತದೆ. ಜನಗಣತಿ ಪಟ್ಟಣಗಳು 2001ರಲ್ಲಿ 1,362 ಇದ್ದವು, 2011ರಲ್ಲಿ 3,900ರ ಹತ್ತಿರ ಬಂದವು. ಅವುಗಳಲ್ಲಿ ಐದು ಕೋಟಿಗೂ ಜಾಸ್ತಿ ಜನ ಇದ್ದರು. ಭಾರತದ ನಗರವಾಸಿಗಳು ಶೇ. 31 ಅನ್ನುವಾಗ ಇವರೂ ಸೇರಿದ್ದಾರೆ. ಇವರನ್ನು ಬಿಟ್ಟರೆ ಅದು ಶೇ. 27ರ ಆಸುಪಾಸಿಗೆ ಇಳಿಯುತ್ತದೆ.

ಈ ವಿಧಾನದಲ್ಲಿ ಒಂದು ಕೊರತೆ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಎಣಿಕೆ ಶುರುವಾಗುವ ಮೊದಲೇ ಪಟ್ಟಿ ಸಿದ್ಧವಾಗಬೇಕು. ಹಾಗಾಗಿ 2011ರ ಪಟ್ಟಿಯನ್ನು 2001ರ ಅಂಕಿಗಳ ಮೇಲೆ ಮಾಡಿದರು. ಆಗ 4,000 ಜನ ಇದ್ದರೆ ಸಾಕು, ಹತ್ತು ವರ್ಷದಲ್ಲಿ 5,000 ಆಗುತ್ತದೆ ಅಂತ ಇಟ್ಟುಕೊಂಡರು. ಆ ಹತ್ತು ವರ್ಷದಲ್ಲಿ ಬದಲಾದ ಊರು ಹಳ್ಳಿ ಅಂತಲೇ ಉಳಿದುಬಿಡುತ್ತದೆ. ಹೆಂಗಸರ ಕೆಲಸವಂತೂ ಈ ಅಳತೆಗೆ ಬರುವುದೇ ಇಲ್ಲ.

ಜನಗಣತಿ ಪಟ್ಟಣವನ್ನು ಪುರಸಭೆ ಮಾಡುವುದು ರಾಜ್ಯದ ಕೈಯಲ್ಲಿದೆ. ಆಸ್ತಿ ತೆರಿಗೆ ಏರುತ್ತದೆ, ಉದ್ಯೋಗ ಖಾತ್ರಿ ಕೆಲಸ ನಿಲ್ಲುತ್ತದೆ ಅಂತ ಎಷ್ಟೋ ಊರಿನವರು ಬೇಡ ಅನ್ನುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಚರಂಡಿ, ಕಸ ವಿಲೇವಾರಿಯಂಥ ಪೇಟೆಯ ಕಷ್ಟಗಳು ಪಂಚಾಯಿತಿಯ ತಲೆಯ ಮೇಲೆ ಬೀಳುತ್ತವೆ. ಕೇರಳ 2015ರಲ್ಲಿ 28 ಹೊಸ ನಗರಸಭೆಗಳನ್ನು ಮಾಡಿತು. ನಮ್ಮ ದಕ್ಷಿಣ ಕನ್ನಡದ ಬಜ್ಪೆ ಕೂಡ 2011ರಲ್ಲಿ ಜನಗಣತಿ ಪಟ್ಟಣವಾಗಿತ್ತು. ಅದು ಪಟ್ಟಣ ಪಂಚಾಯಿತಿ ಆಗಿದ್ದು ಆಮೇಲೆ.

ನಿಮ್ಮ ಊರು ಯಾವ ಗುಂಪು ಅಂತ ನೋಡಬೇಕಾದರೆ ಜನಗಣತಿಯ ಕೋಷ್ಟಕದಲ್ಲಿ ಹೆಸರಿನ ಮುಂದಿರುವ ಅಕ್ಷರ ಗಮನಿಸಿ. `CT` ಅಂತಿದ್ದರೆ ಜನಗಣತಿ ಪಟ್ಟಣ, `TP` ಪಟ್ಟಣ ಪಂಚಾಯಿತಿ, `M Corp.` ಮಹಾನಗರ ಪಾಲಿಕೆ. ಎರಡು ಜನಗಣತಿಗಳನ್ನು ಹೋಲಿಸುವಾಗ ಹೊಸದಾಗಿ `CT` ಆದ ಊರುಗಳನ್ನು ಬೇರೆ ಇಟ್ಟು ಕೂಡಿ. ಹಳೆಯ ಪಟ್ಟಣಗಳು ತಾವಾಗಿ ಎಷ್ಟು ಬೆಳೆದವು ಅಂತ ಆಗ ಗೊತ್ತಾಗುತ್ತದೆ.